ಕಂಪನಿ ಅಸಲಿ, ಆಫರ್ ಲೆಟರ್ ನಕಲಿ: ಅನುಮಾನದ ಕೆಲಸದ ಪತ್ರವನ್ನು ಹಂತ ಹಂತವಾಗಿ ಪರೀಕ್ಷಿಸುವುದು ಹೇಗೆ

ಆಫರ್ ಲೆಟರ್ ಮೇಲೆ ಅನುಮಾನ ಬಂದರೆ ನಾವು ಮೊದಲು ಕಂಪನಿಯ ಹೆಸರನ್ನು ಗೂಗಲ್‌ನಲ್ಲಿ ಹುಡುಕುತ್ತೇವೆ. ವೆಬ್‌ಸೈಟ್ ಸಿಗುತ್ತದೆ. ಕಚೇರಿಯ ಫೋಟೋಗಳು ಸಿಗುತ್ತವೆ. ಅಲ್ಲಿ ಕೆಲಸ ಮಾಡುವವರ ಪ್ರೊಫೈಲ್‌ಗಳೂ ಕಾಣುತ್ತವೆ. "ಸದ್ಯ, ಕಂಪನಿ ನಿಜವಾಗಿಯೂ ಇದೆ" ಅಂತ ಜೀವ ತಣ್ಣಗಾಗುತ್ತದೆ. ಮೋಸ ಮಾಡುವವನು ಕಾಯುವುದು ಈ ಸಮಾಧಾನಕ್ಕೇ.

ಏಕೆಂದರೆ ಇಲ್ಲಿ ಎರಡು ಪ್ರಶ್ನೆಗಳಿವೆ, ನಾವು ಉತ್ತರ ಹುಡುಕಿದ್ದು ಒಂದಕ್ಕೆ ಮಾತ್ರ. ಈ ಹೆಸರಿನ ಕಂಪನಿ ಇದೆಯೇ? ಇದು ಮೊದಲನೆಯದು. ಈ ಪತ್ರ ಬಂದಿದ್ದು ಆ ಕಂಪನಿಯಿಂದಲೇ? ಇದು ಎರಡನೆಯದು. ಇಲ್ಲದ ಕಂಪನಿಯನ್ನು ಹುಟ್ಟುಹಾಕಿ ನಂಬಿಸುವುದು ಕಷ್ಟದ ಕೆಲಸ. ಒಳ್ಳೆಯ ಹೆಸರಿರುವ ಕಂಪನಿಯ ಲೋಗೋ, ವಿಳಾಸ, ನೋಂದಣಿ ಸಂಖ್ಯೆ ಎತ್ತಿಕೊಂಡು ಪತ್ರ ಬರೆಯುವುದು ಸುಲಭ. ಅಂಥ ಪತ್ರವನ್ನು ಹಿಡಿದುಕೊಂಡು ಕಂಪನಿಯ ಬಗ್ಗೆ ಎಷ್ಟೇ ಹುಡುಕಿದರೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಈ ಎರಡನೇ ಪ್ರಶ್ನೆಯನ್ನು ಹೇಗೆ ಬಿಡಿಸಬೇಕು ಅಂತ ಒಂದು ಪುಟ್ಟ ಕತೆಯ ಮೂಲಕ ನೋಡೋಣ. ಕತೆಯ ಹುಡುಗಿಯನ್ನು ಸುಮಾ ಅಂತ ಕರೆಯೋಣ. ಅವಳೂ ಕಂಪನಿಯೂ ಕಲ್ಪನೆ. ಅವಳು ಬಳಸುವ ಉಪಕರಣಗಳು ಮಾತ್ರ ನಿಜ. ವಿಳಾಸಗಳಿಗೆ `.example` ಅಂತ ಕೊನೆಯಾಗುವ ಹೆಸರುಗಳನ್ನು ಬಳಸಿದ್ದೇನೆ. ಅದು ಉದಾಹರಣೆಗಳಿಗೆಂದೇ 1999ರಲ್ಲಿ ಮೀಸಲಿಟ್ಟ ಹೆಸರು, ಅದನ್ನು ಯಾರೂ ಕೊಳ್ಳಲಾಗುವುದಿಲ್ಲ.

## ಸುಮಾಳ ಕೈಗೆ ಬಂದ ಪತ್ರ

ಸುಮಾ ಆಗಷ್ಟೇ ಪದವಿ ಮುಗಿಸಿದ್ದಳು. ಹಲವು ಉದ್ಯೋಗ ತಾಣಗಳಲ್ಲಿ ರೆಸ್ಯೂಮೆ ಹಾಕಿದ್ದಳು. ಒಂದು ದಿನ ಡೇಟಾ ಅನಲಿಸ್ಟ್ ಹುದ್ದೆಗೆ ಅವಳನ್ನು ಪರಿಗಣಿಸುತ್ತಿದ್ದೇವೆ ಅಂತ ಒಂದು ಮೇಲ್ ಬಂತು. ಸಂದರ್ಶನ ನಡೆದದ್ದು ಚಾಟ್‌ನಲ್ಲಿ, ಬರೀ ಟೈಪ್ ಮಾಡುತ್ತಾ. ಮುಖ ಕಾಣಲಿಲ್ಲ, ದನಿ ಕೇಳಲಿಲ್ಲ. ಪ್ರಶ್ನೆಗಳು ತೀರಾ ಸುಲಭವಾಗಿದ್ದವು. ಮರುದಿನವೇ ಆಫರ್ ಲೆಟರ್ ಬಂತು, ಜೂನ್ 14ರ ತಾರೀಖಿನದು.

ಪತ್ರ ಚೆನ್ನಾಗಿಯೇ ಇತ್ತು. ಲೋಗೋ, ನೋಂದಣಿ ಸಂಖ್ಯೆ, ವಿಳಾಸ, ಎಚ್‌ಆರ್ ಮ್ಯಾನೇಜರ್ ಸಹಿ, ಸಂಬಳದ ವಿವರ, ಎಲ್ಲ ಇದ್ದವು. ಕೊನೆಯ ಪುಟದಲ್ಲಿ ಮೂರು ಬೇಡಿಕೆಗಳಿದ್ದವು. 48 ಗಂಟೆಯೊಳಗೆ ಒಪ್ಪಿಗೆ ಕಳಿಸಬೇಕು. ಗುರುತಿನ ಚೀಟಿ ಮತ್ತು ಬ್ಯಾಂಕ್ ಖಾತೆಯ ವಿವರ ಕೊಡಬೇಕು. ಕಂಪನಿ ಕೊಡುವ ಲ್ಯಾಪ್‌ಟಾಪ್‌ಗೆ ಒಂದಿಷ್ಟು ಠೇವಣಿ ಕಟ್ಟಬೇಕು, ಅದು ಮೊದಲ ಸಂಬಳದ ಜೊತೆ ವಾಪಸ್ ಬರುತ್ತದೆ.

ಠೇವಣಿಯ ಮಾತು ಕಂಡ ಕೂಡಲೇ ಪತ್ರವನ್ನು ಹರಿದು ಹಾಕಬಹುದಿತ್ತು ಅಲ್ವಾ? ಹೌದು, ಕೆಲಸ ಕೊಡುವವರು ಹಣ ಕೇಳಿದರೆ ನನ್ನ ಮಟ್ಟಿಗೆ ಅಲ್ಲಿಗೆ ಮಾತು ಮುಗಿಯಿತು. ಆದರೆ ಎಲ್ಲ ಪತ್ರಗಳೂ ಮೊದಲೇ ಹಣ ಕೇಳುವುದಿಲ್ಲ. ಕೆಲವು ದಾಖಲೆಗಳನ್ನಷ್ಟೇ ಕೇಳಿ ಸುಮ್ಮನಾಗುತ್ತವೆ, ಅವರಿಗೆ ಬೇಕಿರುವುದು ಅದೇ. ಇನ್ನು ಕೆಲವರು ತಾವೇ ಚೆಕ್ ಕಳಿಸಿ, "ಇದನ್ನು ಖಾತೆಗೆ ಹಾಕಿ, ನಾವು ಹೇಳಿದವರಿಂದ ಉಪಕರಣ ಕೊಳ್ಳಿ" ಅನ್ನುತ್ತಾರೆ. ಚೆಕ್ಕಿನ ಹಣ ಖಾತೆಯಲ್ಲಿ ಕಾಣುತ್ತದೆ, ಕೆಲಸ ಹುಡುಕುವವರು ಅದನ್ನು ಮುಂದಕ್ಕೆ ಕಳಿಸುತ್ತಾರೆ. ಚೆಕ್ ನಕಲಿ ಅಂತ ಬ್ಯಾಂಕಿಗೆ ಗೊತ್ತಾಗುವಷ್ಟರಲ್ಲಿ ಹಣ ಹೋಗಿರುತ್ತದೆ, ಅದನ್ನು ತುಂಬಿಕೊಡುವ ಹೊಣೆ ಖಾತೆದಾರರ ಮೇಲೆಯೇ ಬೀಳುತ್ತದೆ. ಹಾಗಾಗಿ ಹಣದ ಬೇಡಿಕೆ ಇಲ್ಲದಿದ್ದರೂ ಪತ್ರ ಎಲ್ಲಿಂದ ಬಂತು ಅಂತ ಪತ್ತೆ ಹಚ್ಚುವುದು ಗೊತ್ತಿರಬೇಕು.

## ಹಂತ 1: ಉತ್ತರ ಬರೆಯಬೇಡಿ, ಪತ್ರವನ್ನು ಬಿಡಿಸಿ ಬರೆದುಕೊಳ್ಳಿ

ಸುಮಾ ಮೊದಲು ಆ ಮೇಲ್‌ಗೆ ಏನನ್ನೂ ಬರೆಯಲಿಲ್ಲ. ಮೇಲ್ ಅನ್ನು ಅಳಿಸಲೂ ಇಲ್ಲ. ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಳು. ಅನುಮಾನ ಬಂದಿದೆ ಅಂತ ಗೊತ್ತಾದ ಕೂಡಲೇ ಎದುರಿನವರು ಚಾಟ್ ಅಳಿಸಿ ಮಾಯವಾಗಬಹುದು.

ಆಮೇಲೆ ಒಂದು ಹಾಳೆಯಲ್ಲಿ ಪತ್ರ ಹೇಳುವ ಸಂಗತಿಗಳನ್ನು ಒಂದೊಂದಾಗಿ ಬರೆದಳು. ಕಂಪನಿಯ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಶುರುವಾದ ವರ್ಷ, ವಿಳಾಸ, ಸಹಿ ಹಾಕಿದವರ ಹೆಸರು ಮತ್ತು ಹುದ್ದೆ, ಮೇಲ್ ವಿಳಾಸ, ಫೋನ್ ನಂಬರ್, ಪತ್ರದ ಉಲ್ಲೇಖ ಸಂಖ್ಯೆ. ಪ್ರತಿಯೊಂದರ ಪಕ್ಕ "ಇದನ್ನು ಎಲ್ಲಿ ನೋಡಿ ಖಚಿತ ಮಾಡಿಕೊಂಡೆ" ಅಂತ ಬರೆಯಲು ಜಾಗ ಬಿಟ್ಟಳು.

ಇಲ್ಲಿ ನಿಯಮ ಒಂದೇ. ಆ ಖಾಲಿ ಜಾಗದಲ್ಲಿ ಪತ್ರದಿಂದಲೇ ಸಿಕ್ಕಿದ್ದನ್ನು ಬರೆಯುವ ಹಾಗಿಲ್ಲ. ಪತ್ರದಲ್ಲಿರುವ ಕೊಂಡಿಯನ್ನು ಒತ್ತಿ ತೆರೆದ ವೆಬ್‌ಸೈಟ್, ಪತ್ರದಲ್ಲಿ ಕೊಟ್ಟ ನಂಬರಿಗೆ ಮಾಡಿದ ಕರೆ, ಚಾಟ್‌ನಲ್ಲಿದ್ದವರು ಕಳಿಸಿದ ನೋಂದಣಿ ಪ್ರಮಾಣಪತ್ರ, ಇವೆಲ್ಲ ಪತ್ರ ಬರೆದವನ ಮಾತೇ. ಅದನ್ನೇ ಮತ್ತೊಮ್ಮೆ ಕೇಳಿದರೆ ಸಾಕ್ಷಿ ಎರಡಾಗುವುದಿಲ್ಲ.

## ಹಂತ 2: ಕಂಪನಿಯ ನೋಂದಣಿ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ

ಹೆಚ್ಚಿನ ದೇಶಗಳಲ್ಲಿ ಕಂಪನಿಗಳ ಸಾರ್ವಜನಿಕ ದಾಖಲೆ ಇರುತ್ತದೆ. ಬ್ರಿಟನ್‌ನಲ್ಲಿ ಕಂಪನೀಸ್ ಹೌಸ್, ಭಾರತದಲ್ಲಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣ, ಸಿಂಗಪುರದಲ್ಲಿ ಅಕ್ರಾ. ಅಮೆರಿಕದಲ್ಲಿ ಇದನ್ನು ಒಂದೊಂದು ರಾಜ್ಯವೂ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಅಲ್ಲಿ ಕಂಪನಿಯ ಹೆಸರು ಅಥವಾ ಸಂಖ್ಯೆ ಕೊಟ್ಟು ಹುಡುಕಬಹುದು.

ನೋಡಬೇಕಾದ್ದು ಜಾಸ್ತಿ ಇಲ್ಲ. ಹೆಸರು ಅಕ್ಷರಕ್ಕೆ ಅಕ್ಷರ ಅದೇ ಇದೆಯೇ? "ಪ್ರೈವೇಟ್ ಲಿಮಿಟೆಡ್" ಇರುವ ಕಡೆ "ಎಲ್‌ಎಲ್‌ಪಿ" ಅಂತಿದ್ದರೆ ಅದು ಬೇರೆಯೇ ಸಂಸ್ಥೆ. ಈಗ ಅದರ ಸ್ಥಿತಿ ಏನು? ಕೆಲಸ ಮಾಡುತ್ತಿದೆಯೇ, ಮುಚ್ಚಿದೆಯೇ, ಪಟ್ಟಿಯಿಂದ ತೆಗೆದು ಹಾಕಿದ್ದಾರೆಯೇ? ನೋಂದಣಿಯಾದ ದಿನ ಯಾವುದು? "ಇಪ್ಪತ್ತು ವರ್ಷದ ಅನುಭವ" ಅನ್ನುವ ಕಂಪನಿ ಹೋದ ವರ್ಷ ಹುಟ್ಟಿದ್ದರೆ ಪ್ರಶ್ನೆ ಏಳುತ್ತದೆ. ಕೆಲವು ದೇಶಗಳಲ್ಲಿ ಸಂಖ್ಯೆಯೇ ಇದನ್ನು ಹೇಳುತ್ತದೆ. ಭಾರತದಲ್ಲಿ ಕಂಪನಿಗೆ ಕೊಡುವ ಗುರುತಿನ ಸಂಖ್ಯೆಯಾದ ಸಿಐಎನ್‌ನಲ್ಲಿ ಅಕ್ಷರ, ಅಂಕೆ ಸೇರಿ 21 ಇರುತ್ತವೆ, ಅದರ ನಡುವೆ ನೋಂದಣಿಯಾದ ವರ್ಷವೇ ನಾಲ್ಕು ಅಂಕೆಗಳಲ್ಲಿ ಇರುತ್ತದೆ. ಕೊನೆಗೆ, ಇತ್ತೀಚಿನ ವರ್ಷಗಳ ಲೆಕ್ಕಪತ್ರ ಸಲ್ಲಿಸಿದ್ದಾರೆಯೇ ಅಂತಲೂ ಕಣ್ಣು ಹಾಯಿಸಿ.

ಸುಮಾ ಹುಡುಕಿದಾಗ ಎಲ್ಲವೂ ಸರಿಯಾಗಿತ್ತು. ಹೆಸರು ಸರಿ, ಸಂಖ್ಯೆ ಸರಿ, ವಿಳಾಸ ಸರಿ, ಕಂಪನಿ ಚಾಲ್ತಿಯಲ್ಲಿತ್ತು, 2009ರಿಂದ ನಡೆಯುತ್ತಿತ್ತು. ಅವಳ ಹಾಳೆಯಲ್ಲಿ ನಾಲ್ಕು ಸಾಲು ತುಂಬಿದವು.

ಎಷ್ಟೋ ಜನ ಇಲ್ಲಿಗೆ ಹುಡುಕಾಟ ನಿಲ್ಲಿಸುತ್ತಾರೆ. ಆದರೆ ಯೋಚಿಸಿ, ಈ ದಾಖಲೆ ಇರುವುದೇ ಎಲ್ಲರೂ ನೋಡಲಿ ಅಂತ. ಸುಮಾ ನೋಡಿದ ಪುಟವನ್ನು ಪತ್ರ ಬರೆದವನೂ ನೋಡಿರಬಹುದು. ನೋಂದಣಿ ಸಂಖ್ಯೆ ತಪ್ಪಾಗಿದ್ದರೆ ಪತ್ರ ನಕಲಿ ಅನ್ನಬಹುದು. ಸರಿಯಾಗಿದ್ದರೆ ಪತ್ರ ಅಸಲಿ ಅನ್ನಲಾಗದು.

ಇನ್ನೊಂದು ಮಾತು. ನೋಂದಣಿ ಅಂದರೆ ಸರ್ಕಾರ ಪರೀಕ್ಷಿಸಿ ಕೊಟ್ಟ ಒಳ್ಳೆಯತನದ ಪತ್ರ ಅಲ್ಲ. ಬ್ರಿಟನ್ನಿನ ಕಂಪನೀಸ್ ಹೌಸ್ ಬಹುಕಾಲ ಕೊಟ್ಟ ಮಾಹಿತಿಯನ್ನು ಹಾಗೇ ದಾಖಲಿಸಿಕೊಳ್ಳುತ್ತಿತ್ತು. ಅನುಮಾನ ಬಂದ ಮಾಹಿತಿಯನ್ನು ಪ್ರಶ್ನಿಸುವ, ತಿರಸ್ಕರಿಸುವ ಹೆಚ್ಚಿನ ಅಧಿಕಾರ ಅದಕ್ಕೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ. ಹೆಸರಿಗಷ್ಟೇ ಇರುವ ಕಂಪನಿಯನ್ನು ನೋಂದಾಯಿಸುವುದೂ ಅಷ್ಟೇನೂ ಕಷ್ಟವಲ್ಲ.

## ಹಂತ 3: ಮೇಲ್ ವಿಳಾಸವನ್ನು ಬಲಗಡೆಯಿಂದ ಓದಿ

ಇನ್ನು ಎರಡನೇ ಪ್ರಶ್ನೆಗೆ ಬರೋಣ. ಪತ್ರಕ್ಕೂ ಕಂಪನಿಗೂ ನಡುವೆ ಇರುವ ದಾರ ಒಂದೇ, ಅದು ಮೇಲ್ ವಿಳಾಸ. ಈ ಹಂತಕ್ಕೆ ಬೇರೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ.

ಮೇಲ್‌ನಲ್ಲಿ ದೊಡ್ಡದಾಗಿ ಕಾಣುವ ಹೆಸರನ್ನು ಕಳಿಸುವವರು ತಮಗೆ ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ಫೋನಿನಲ್ಲಿ ಎಷ್ಟೋ ಸಲ ಅದೊಂದೇ ಕಾಣುತ್ತದೆ. ಅದರ ಮೇಲೆ ಒತ್ತಿ, ಪೂರ್ತಿ ವಿಳಾಸ ನೋಡಿ. ಸುಮಾ ನೋಡಿದಾಗ ಕಂಡಿದ್ದು `hr@company-careers.example`. ಕಂಪನಿಯ ವೆಬ್‌ಸೈಟ್ `company.example`. ಎರಡರಲ್ಲೂ ಕಂಪನಿಯ ಹೆಸರಿದೆ, ಮೇಲ್ ವಿಳಾಸದಲ್ಲಿ ಒಂದು ಅಡ್ಡಗೆರೆ ಮತ್ತು `careers` ಹೆಚ್ಚಿಗೆ ಇದೆ ಅಷ್ಟೇ. ಆ ಒಂದು ಗೆರೆಯಿಂದ ಇವೆರಡೂ ಸಂಬಂಧವೇ ಇಲ್ಲದ ಎರಡು ಹೆಸರುಗಳಾಗುತ್ತವೆ. ಅಡ್ಡಗೆರೆ ಇರುವುದನ್ನು ಯಾರು ಬೇಕಾದರೂ ಕೊಳ್ಳಬಹುದು.

ವಿಳಾಸ ಯಾರದ್ದು ಅಂತ ತಿಳಿಯಲು ಬಲಗಡೆಯಿಂದ ಓದಬೇಕು. `careers.company.example` ಅಂತಿದ್ದರೆ ಕೊನೆಯ ಎರಡು ಭಾಗ `company.example`, ಹಾಗಾಗಿ ಅದು ಕಂಪನಿಯದ್ದೇ. `company.example.joining.example` ಅಂತಿದ್ದರೆ ಕೊನೆಯ ಎರಡು ಭಾಗ `joining.example`. ಮುಂದೆ ಕಂಪನಿಯ ಹೆಸರು ಎಷ್ಟೇ ಚೆನ್ನಾಗಿ ಕಂಡರೂ ಯಜಮಾನ ಬೇರೆಯವನು. `.co.uk`, `.co.in` ಥರದ ಕೊನೆ ಇದ್ದರೆ ಎರಡರ ಬದಲು ಮೂರು ಭಾಗ ನೋಡಬೇಕು. ಅಕ್ಷರಗಳನ್ನೂ ನಿಧಾನವಾಗಿ ನೋಡಿ. `m` ಇರಬೇಕಾದ ಕಡೆ `rn`, `o` ಬದಲು `0`, `l` ಬದಲು `1` ಇದ್ದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. ವಿಳಾಸವನ್ನು ಕಾಪಿ ಮಾಡಿ, ಬೇರೆ ಅಕ್ಷರಶೈಲಿಯಲ್ಲಿ ದೊಡ್ಡದಾಗಿಸಿ ನೋಡಿದರೆ ತಿಳಿಯುತ್ತದೆ.

ಮುಂದೆ ಸುಮಾ ಮೇಲ್‌ನ ಮೂಲ ರೂಪ ತೆರೆದಳು. ಜಿಮೇಲ್‌ನಲ್ಲಿ ಕಂಪ್ಯೂಟರ್‌ನಿಂದ ಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, `Show original` ಆರಿಸಿದರೆ ಇದು ಸಿಗುತ್ತದೆ. ಉದ್ದನೆಯ ಪಠ್ಯದಲ್ಲಿ ಅವಳಿಗೆ ಬೇಕಿದ್ದ ಸಾಲುಗಳು ಇಷ್ಟೇ:

```
From: "HR Team" <hr@company-careers.example>
Reply-To: joining.desk@freemail.example
Authentication-Results: spf=pass dkim=pass dmarc=pass
```

ಎರಡನೇ ಸಾಲು ನೋಡಿ. ಸುಮಾ "ಉತ್ತರಿಸಿ" ಅಂತ ಒತ್ತಿದರೆ ಅವಳ ಮೇಲ್ ಹೋಗುವುದು ಒಂದು ಪುಕ್ಕಟೆ ಮೇಲ್ ಖಾತೆಗೆ. ನೌಕರಿ ಕೊಡುವ ಕಂಪನಿ ಗುರುತಿನ ದಾಖಲೆಗಳನ್ನು ಹಾಗೆ ತರಿಸಿಕೊಳ್ಳಲು ಕಾರಣವೇ ಕಾಣುವುದಿಲ್ಲ.

ಮೂರನೇ ಸಾಲಿನಲ್ಲಿ ಮೂರೂ `pass` ಆಗಿವೆ. ಇದನ್ನು ಕಂಡು ಸುಮಾ ಒಂದು ಕ್ಷಣ ಗೊಂದಲಗೊಂಡಳು. ತಾಂತ್ರಿಕ ಪರೀಕ್ಷೆಯಲ್ಲಿ ಪಾಸಾಗಿದೆಯಲ್ಲ ಅನ್ನಿಸಿತು. ಆ ಸಾಲು ಹೇಳುವುದು ಇಷ್ಟನ್ನೇ: ಈ ಮೇಲ್ ನಿಜವಾಗಿಯೂ `company-careers.example` ಕಡೆಯಿಂದಲೇ ಬಂದಿದೆ. ಆ ಹೆಸರು ಕಂಪನಿಯದ್ದೇ ಅಂತ ಅದು ಹೇಳುವುದಿಲ್ಲ. ಮೋಸಗಾರ ತಾನೇ ಕೊಂಡ ಹೆಸರಿನಿಂದ ಕಳಿಸಿದರೆ ಮೂರೂ ಪಾಸಾಗುತ್ತವೆ. ಇದು ಉಪಯೋಗಕ್ಕೆ ಬರುವುದು ಇನ್ನೊಂದು ಸಂದರ್ಭದಲ್ಲಿ. ವಿಳಾಸ ಅಕ್ಷರಕ್ಕೆ ಅಕ್ಷರ `company.example` ಅಂತಲೇ ಕಾಣುತ್ತಿದ್ದು, `dmarc=fail` ಅಂತ ಬಂದಿದ್ದರೆ, ಯಾರೋ ಕಂಪನಿಯ ವಿಳಾಸವನ್ನೇ ಮುಖವಾಡದಂತೆ ಹಾಕಿಕೊಂಡಿರುವ ಸಾಧ್ಯತೆ ದೊಡ್ಡದು.

## ಹಂತ 4: ಆ ಹೆಸರು ಹುಟ್ಟಿದ ದಿನ ಹುಡುಕಿ

ಮೇಲ್ ವಿಳಾಸದಲ್ಲಿ `@` ಆದ ಮೇಲೆ ಬರುವುದು ಡೊಮೇನ್ ಹೆಸರು. ಇಂಟರ್‌ನೆಟ್ಟಿನ ಪ್ರತಿ ಡೊಮೇನ್ ಹೆಸರಿಗೂ ನೋಂದಣಿಯಾದ ದಿನ ಇರುತ್ತದೆ. `lookup.icann.org` ತೆರೆದು ಹೆಸರು ಕೊಟ್ಟರೆ ಅದು ಕಾಣುತ್ತದೆ. ದೇಶದ ಹೆಸರಿನಲ್ಲಿ ಕೊನೆಯಾಗುವ ವಿಳಾಸಗಳಿಗೆ ಆಯಾ ದೇಶದ ನೋಂದಣಿ ಸಂಸ್ಥೆಯ ಪುಟಕ್ಕೆ ಹೋಗಬೇಕಾಗಬಹುದು.

ಸುಮಾ ಎರಡೂ ಹೆಸರುಗಳನ್ನು ಹುಡುಕಿದಳು. ಕಂಪನಿಯ ಹೆಸರು 2009ರಲ್ಲಿ ನೋಂದಣಿಯಾಗಿತ್ತು. ಇನ್ನೊಂದರದ್ದು ಹೀಗಿತ್ತು:

```
Domain Name: company-careers.example
Creation Date: 2025-05-26
Registrar Abuse Contact Email: abuse@registrar.example
```

ಮೇ 26. ಅವಳ ಆಫರ್ ಲೆಟರ್ ಜೂನ್ 14ರದ್ದು. ಇಷ್ಟು ವರ್ಷದಿಂದ ನಡೆಯುತ್ತಿರುವ ಕಂಪನಿಯ ನೇಮಕಾತಿ ವಿಭಾಗದ ವಿಳಾಸಕ್ಕೆ ಬರೀ ಹತ್ತೊಂಬತ್ತು ದಿನ ವಯಸ್ಸು. ಪತ್ರದ ಮೇಲಿನ ನಂಬಿಕೆ ಅಲ್ಲಾಡಿದ್ದು ಇಲ್ಲಿ.

ಆ ಪುಟದಲ್ಲಿ ಮಾಲೀಕರ ಹೆಸರು ಮುಚ್ಚಿತ್ತು. ಅದನ್ನು ಮಾತ್ರ ಅನುಮಾನದ ಲೆಕ್ಕಕ್ಕೆ ಸೇರಿಸಬೇಡಿ. 2018ರಲ್ಲಿ ಯುರೋಪಿನ ಜಿಡಿಪಿಆರ್ ಕಾನೂನು ಜಾರಿಯಾದ ಮೇಲೆ ಹೆಸರು ಮುಚ್ಚಿಡುವುದು ಎಲ್ಲೆಡೆ ಮಾಮೂಲಾಗಿದೆ. ಪ್ರಾಮಾಣಿಕ ಕಂಪನಿಗಳದ್ದೂ ಹಾಗೇ ಕಾಣುತ್ತದೆ. ನಮಗೆ ಬೇಕಿರುವುದು ದಿನಾಂಕ.

ದಿನಾಂಕ ಹಳೆಯದಾಗಿದ್ದರೆ ನಿಶ್ಚಿಂತೆ ಅಂತಲೂ ಅಲ್ಲ. ಯಾರೋ ಬಿಟ್ಟುಬಿಟ್ಟ ಹಳೆಯ ಹೆಸರನ್ನು ಇನ್ಯಾರೋ ಕೊಳ್ಳಬಹುದು. ಅಂಥ ಅನುಮಾನ ಇದ್ದರೆ `web.archive.org` ತೆರೆಯಿರಿ. ಅಲ್ಲಿ ವೆಬ್‌ಪುಟಗಳ ಹಳೆಯ ಪ್ರತಿಗಳಿವೆ, ಸಂಗ್ರಹ ಶುರುವಾದದ್ದು 1996ರಲ್ಲಿ. ಮೊನ್ನೆಯವರೆಗೆ ಬೇರೇನೋ ವಿಷಯದ ಬ್ಲಾಗ್ ಆಗಿದ್ದದ್ದು ಈಗ ನೇಮಕಾತಿ ತಾಣವಾಗಿದೆಯೇ ಅಂತ ಅಲ್ಲಿ ತಿಳಿಯಬಹುದು. ಎಲ್ಲ ತಾಣಗಳ ಪ್ರತಿಯೂ ಅಲ್ಲಿ ಇರುವುದಿಲ್ಲ, ಖಾಲಿ ಬಂದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ.

ಇಲ್ಲಿ ಒಂದು ಬಲೆಯ ಬಗ್ಗೆ ಹೇಳಲೇಬೇಕು. ಸುಮಾ ಬ್ರೌಸರ್‌ನಲ್ಲಿ `company-careers.example` ಅಂತ ಟೈಪ್ ಮಾಡಿದಳು. ತೆರೆದುಕೊಂಡಿದ್ದು ಕಂಪನಿಯ ನಿಜವಾದ ವೆಬ್‌ಸೈಟ್! ಹಾಗಾದರೆ ಇದು ಅವರದ್ದೇ ಇರಬೇಕು ಅಂತ ಅವಳ ಮನಸ್ಸು ಮತ್ತೆ ಅತ್ತ ವಾಲಿತು. ಆದರೆ ಬ್ರೌಸರ್‌ನ ಮೇಲ್ಗಡೆ ವಿಳಾಸ ಕಾಣುವ ಜಾಗ ನೋಡಿದಾಗ ಅಲ್ಲಿದ್ದದ್ದು `company.example`. ಒಂದು ವಿಳಾಸಕ್ಕೆ ಬಂದವರನ್ನು ಇನ್ನೊಂದಕ್ಕೆ ತಿರುಗಿಸುವುದು ಡೊಮೇನ್ ಕೊಂಡ ಯಾರಿಗಾದರೂ ಕೆಲವೇ ನಿಮಿಷದ ಕೆಲಸ, ತಿರುಗಿಸುವ ಮೊದಲು ಆ ಕಡೆಯವರ ಒಪ್ಪಿಗೆ ಕೇಳಬೇಕಿಲ್ಲ. ನಕಲಿ ವಿಳಾಸದಿಂದ ಮೇಲ್ ಕಳಿಸಿ, ಪರೀಕ್ಷಿಸಲು ಬಂದವರನ್ನು ಅಸಲಿ ತಾಣಕ್ಕೆ ಕಳಿಸಿಬಿಡುವುದು ಜಾಣ ಉಪಾಯ. ವಿಳಾಸದ ಪಕ್ಕದ ಬೀಗದ ಗುರುತನ್ನೂ ನೆಚ್ಚಬೇಡಿ. ಅದಕ್ಕೆ ಬೇಕಾದ ಪ್ರಮಾಣಪತ್ರ ಪುಕ್ಕಟೆಯಾಗಿ ಸಿಗುತ್ತದೆ. ನಡುವೆ ಬೇರೆಯವರು ಓದದಂತೆ ಸಂಪರ್ಕ ಭದ್ರವಾಗಿದೆ ಅಂತಷ್ಟೇ ಅದರ ಅರ್ಥ.

## ಹಂತ 5: ಕಂಪನಿಯ ಕಡೆಯಿಂದ ದಾರಿ ಇದೆಯೇ ನೋಡಿ

ಬೇರೆ ಡೊಮೇನ್‌ನಿಂದ ಬಂದ ಪ್ರತಿ ಮೇಲೂ ಮೋಸವಲ್ಲ. ಬಹಳಷ್ಟು ಕಂಪನಿಗಳು ನೇಮಕಾತಿಗೆ ಹೊರಗಿನ ಸಾಫ್ಟ್‌ವೇರ್ ಬಳಸುತ್ತವೆ. ವರ್ಕ್‌ಡೇ ಬಳಸುವವರ ಹುದ್ದೆಗಳು `myworkdayjobs.com` ಅಡಿಯಲ್ಲಿ, ಗ್ರೀನ್‌ಹೌಸ್ ಬಳಸುವವರದ್ದು `greenhouse.io` ಅಡಿಯಲ್ಲಿ ಕಾಣುತ್ತವೆ. ಇನ್ನು ಕೆಲವರು ನೇಮಕಾತಿ ಏಜೆನ್ಸಿಗಳಿಗೆ ಕೆಲಸ ವಹಿಸಿರುತ್ತಾರೆ. ಹಾಗಾದರೆ ಅಸಲಿಯನ್ನು ಗುರುತಿಸುವುದು ಹೇಗೆ?

ಕೊಂಡಿ ಯಾವ ಕಡೆಯಿಂದ ಹೊರಟಿದೆ ಅಂತ ನೋಡಬೇಕು. ಕಂಪನಿಯ ವಿಳಾಸವನ್ನು ನೀವೇ ಟೈಪ್ ಮಾಡಿ, ಅದರ ಉದ್ಯೋಗಾವಕಾಶದ ಪುಟಕ್ಕೆ ಹೋಗಿ. ಅಲ್ಲಿಂದ ಒತ್ತುತ್ತಾ ಹೋದಾಗ ನಿಮಗೆ ಮೇಲ್ ಕಳಿಸಿದ ವಿಳಾಸವನ್ನು ತಲುಪಿದರೆ, ಕಂಪನಿಯೇ ಅದನ್ನು ತನ್ನದು ಅಂದ ಹಾಗೆ. ಆ ಮೇಲ್ ವಿಳಾಸದಿಂದ ಅಥವಾ ಪತ್ರದಿಂದ ಕಂಪನಿಯ ಕಡೆಗೆ ಕೊಂಡಿ ಇದ್ದರೆ ಅದಕ್ಕೆ ಬೆಲೆ ಇಲ್ಲ. ಕಂಪನಿಯ ಕಡೆ ಬೆರಳು ತೋರಿಸುವುದು ಯಾರಿಗಾದರೂ ಸಾಧ್ಯ, ಕಂಪನಿ ತಿರುಗಿ ಬೆರಳು ತೋರಿಸಬೇಕು.

ಸುಮಾ ಕಂಪನಿಯ ಪುಟದಲ್ಲಿ ಹುಡುಕಿದಾಗ ಡೇಟಾ ಅನಲಿಸ್ಟ್ ಹುದ್ದೆ ಇರಲಿಲ್ಲ. ಇದೊಂದರಿಂದಲೇ ತೀರ್ಮಾನಕ್ಕೆ ಬರಬಾರದು, ಭರ್ತಿಯಾದ ಹುದ್ದೆಯನ್ನು ತೆಗೆದಿರಬಹುದು. ಆದರೆ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಇತ್ತು: "ನಮ್ಮ ನೇಮಕಾತಿ ಮೇಲ್‌ಗಳು ಕಂಪನಿಯ ವಿಳಾಸದಿಂದ ಮಾತ್ರ ಬರುತ್ತವೆ. ನಾವು ಅಭ್ಯರ್ಥಿಗಳಿಂದ ಹಣ ಕೇಳುವುದಿಲ್ಲ." ಇಂಥ ಸೂಚನೆಯನ್ನು ಎಷ್ಟೋ ಕಂಪನಿಗಳು ಹಾಕಿರುತ್ತವೆ. ಪುಟದ ಕೊನೆಯವರೆಗೆ ಇಳಿದು ನೋಡುವವರು ಕಡಿಮೆ. ಕಂಪನಿಯ ಹೆಸರಿನ ಜೊತೆ "ನಕಲಿ ಆಫರ್" ಅಥವಾ `fake offer` ಅಂತ ಸೇರಿಸಿ ಹುಡುಕಿದರೂ ಕೆಲವೊಮ್ಮೆ ಸಿಗುತ್ತದೆ.

ಸಹಿ ಹಾಕಿದವರ ಹೆಸರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿದಾಗ ಆ ಹೆಸರಿನ ಎಚ್‌ಆರ್ ಮ್ಯಾನೇಜರ್ ಸಿಕ್ಕರು, ಅದೇ ಕಂಪನಿಯವರೇ. ನೋಂದಣಿ ಸಂಖ್ಯೆಗೆ ಹೇಳಿದ ಮಾತೇ ಇಲ್ಲಿಗೂ ಸಲ್ಲುತ್ತದೆ. ಪ್ರೊಫೈಲ್ ಎಲ್ಲರಿಗೂ ಕಾಣುತ್ತದೆ, ಹೆಸರನ್ನು ಎತ್ತಿಕೊಳ್ಳುವುದು ಸುಲಭ. ಆ ಮ್ಯಾನೇಜರ್ ಕೂಡ ಇಲ್ಲಿ ಮೋಸಕ್ಕೆ ಸಿಕ್ಕವರೇ, ಅವರ ಮೇಲೆ ಸಿಟ್ಟಾಗಬೇಡಿ.

## ಹಂತ 6: ಕಂಪನಿಯನ್ನೇ ಕೇಳಿ, ಸರಿಯಾದ ಪ್ರಶ್ನೆ ಕೇಳಿ

ಇಷ್ಟಾದ ಮೇಲೆ ಸುಮಾಳಿಗೆ ಹೆಚ್ಚುಕಡಿಮೆ ಖಚಿತವಾಗಿತ್ತು. ಆದರೂ ಅವಳು ಕೊನೆಯ ಹೆಜ್ಜೆ ಇಟ್ಟಳು. ಅದು ಒಳ್ಳೆಯದಾಯಿತು. ಹೆಚ್ಚುಕಡಿಮೆ ಖಚಿತ ಅಂತ ಬಿಟ್ಟರೆ ಅಸಲಿ ಕೆಲಸವೂ ಕೈತಪ್ಪಬಹುದು, ನಕಲಿಯಾಗಿದ್ದರೆ ಕಂಪನಿಗೆ ವಿಷಯವೇ ಗೊತ್ತಾಗುವುದಿಲ್ಲ.

ನಂಬರ್ ಎಲ್ಲಿಂದ ತೆಗೆದುಕೊಳ್ಳುತ್ತೀರಿ ಅನ್ನುವುದು ಮುಖ್ಯ. ಪತ್ರದಲ್ಲಿರುವ ನಂಬರಿಗೆ ಕರೆ ಮಾಡಿದರೆ ಎತ್ತುವುದು ಅವರೇ, "ಹೌದು, ನಮ್ಮದೇ ಪತ್ರ" ಅನ್ನುತ್ತಾರೆ. ಹುಡುಕಾಟದ ಫಲಿತಾಂಶದಲ್ಲಿ ಮೊದಲು ಬರುವ ನಂಬರೂ ಬೇಡ, ಅದು ಜಾಹೀರಾತು ಆಗಿರಬಹುದು. ನಕ್ಷೆಗಳಲ್ಲಿ ಕಾಣುವ ನಂಬರನ್ನು ಹೊರಗಿನವರು ಬದಲಿಸಿದ ಪ್ರಕರಣಗಳೂ ಇವೆ. ಕಂಪನಿಯ ವೆಬ್‌ಸೈಟ್‌ನ ಸಂಪರ್ಕ ಪುಟದಲ್ಲಿ ಇರುವುದನ್ನೇ ತೆಗೆದುಕೊಳ್ಳಿ. ಅದು ನೋಂದಣಿ ದಾಖಲೆಯಲ್ಲೋ ಕಂಪನಿಯ ವಾರ್ಷಿಕ ವರದಿಯಲ್ಲೋ ಇರುವುದಕ್ಕೆ ಹೊಂದಿದರೆ ಇನ್ನೂ ಒಳ್ಳೆಯದು.

ಇನ್ನು ಪ್ರಶ್ನೆ. "ನೀವು ನನಗೆ ಕೆಲಸ ಕೊಟ್ಟಿದ್ದೀರಾ?" ಅಂತ ಕೇಳಿದರೆ ಸ್ವಾಗತ ಮೇಜಿನಲ್ಲಿ ಕೂತವರಿಗೆ ಉತ್ತರ ಗೊತ್ತಿರುವುದಿಲ್ಲ. ಅಭ್ಯರ್ಥಿಗಳ ವಿವರ ಫೋನಿನಲ್ಲಿ ಹೇಳುವುದಿಲ್ಲ ಅಂತಲೂ ಅನ್ನಬಹುದು. ಅದಕ್ಕೆ ಯಾರ ಖಾಸಗಿ ವಿಷಯವೂ ಬೇಕಿಲ್ಲದ ಪ್ರಶ್ನೆ ಕೇಳಿ: "ಈ ಮೇಲ್ ವಿಳಾಸ ನಿಮ್ಮದೇ?" ಇದಕ್ಕೆ ಯಾವ ಕಂಪನಿಯಾದರೂ ಉತ್ತರ ಕೊಡಬಹುದು.

ಸುಮಾ ಕರೆ ಮಾಡಿದಾಗ ಮೇಲ್ ಕಳಿಸಿ ಅಂದರು. ಅವಳು ಸಂಪರ್ಕ ಪುಟದಲ್ಲಿದ್ದ ವಿಳಾಸಕ್ಕೆ ಹೀಗೆ ಬರೆದಳು:

> ನಮಸ್ಕಾರ. ಜೂನ್ 14ರಂದು ನಿಮ್ಮ ಕಂಪನಿಯ ಹೆಸರಿನಲ್ಲಿ ನನಗೆ ಆಫರ್ ಲೆಟರ್ ಬಂದಿದೆ. ಕಳಿಸಿದ ವಿಳಾಸ hr@company-careers.example. ಹುದ್ದೆ ಡೇಟಾ ಅನಲಿಸ್ಟ್. ಪತ್ರದ ಉಲ್ಲೇಖ ಸಂಖ್ಯೆ ಪ್ರತಿಯಲ್ಲಿದೆ. ನನ್ನ ಪ್ರಶ್ನೆ ಎರಡು. ಈ ಡೊಮೇನ್ ನಿಮ್ಮ ಕಂಪನಿಯದ್ದೇ? ಈ ಉಲ್ಲೇಖ ಸಂಖ್ಯೆಯ ಪತ್ರವನ್ನು ನೀವು ಕೊಟ್ಟಿದ್ದೀರಾ? ಉತ್ತರ ಬರುವವರೆಗೆ ನಾನು ಯಾವ ದಾಖಲೆಯನ್ನೂ ಹಣವನ್ನೂ ಕಳಿಸುವುದಿಲ್ಲ. ಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ.

ಇದರಲ್ಲಿ ಗಮನಿಸಿ, ಅವಳು ಗುರುತಿನ ಚೀಟಿಯ ಸಂಖ್ಯೆ ಕೊಟ್ಟಿಲ್ಲ, ರೆಸ್ಯೂಮೆ ಲಗತ್ತಿಸಿಲ್ಲ. ಪರೀಕ್ಷೆಗೆ ಅವು ಬೇಕಾಗಿಲ್ಲ.

ಉತ್ತರ ಬರುವುದರೊಳಗೆ 48 ಗಂಟೆಯ ಗಡುವು ಹತ್ತಿರವಾಯಿತು. ಚಾಟ್‌ನಲ್ಲಿ ಒತ್ತಡ ಶುರುವಾಯಿತು. ಸುಮಾ ಒಂದೇ ಸಾಲು ಬರೆದಳು: "ಪತ್ರವನ್ನು ಪರಿಶೀಲಿಸುತ್ತಿದ್ದೇನೆ, ಇನ್ನೂ ಕೆಲವು ದಿನ ಬೇಕು. ಅಷ್ಟರಲ್ಲಿ ನಿಮ್ಮ ಕಂಪನಿಯ ಮುಖ್ಯ ಮೇಲ್ ವಿಳಾಸದಿಂದ ಇದನ್ನೇ ಮತ್ತೊಮ್ಮೆ ಕಳಿಸುತ್ತೀರಾ?" ನನ್ನ ಪ್ರಕಾರ ಇದು ಬಹಳ ಒಳ್ಳೆಯ ಪ್ರಶ್ನೆ. ಕಂಪನಿಯ ಒಳಗಿರುವವರಿಗೆ ಇದು ಅರ್ಧ ನಿಮಿಷದ ಕೆಲಸ, ಹೊರಗಿನವರಿಗೆ ಆಗದ ಕೆಲಸ. ಎದುರಿನಿಂದ ಬಂದಿದ್ದು ಬೈಗುಳದಂಥ ಮಾತು: "ನಿಮಗೆ ಆಸಕ್ತಿ ಇಲ್ಲದಿದ್ದರೆ ಬೇರೆ ಅಭ್ಯರ್ಥಿಗೆ ಕೊಡುತ್ತೇವೆ." ವಿಳಾಸದ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಮರುದಿನ ಕಂಪನಿಯ ಉತ್ತರ ಬಂತು. ಆ ಡೊಮೇನ್ ನಮ್ಮದಲ್ಲ, ಪತ್ರ ನಮ್ಮದಲ್ಲ, ದಯವಿಟ್ಟು ಮೇಲ್‌ನ ಮೂಲ ಪ್ರತಿ ಕಳಿಸಿ.

## ಹೊಸ, ಸಣ್ಣ ಕಂಪನಿಯಾಗಿದ್ದರೆ?

ಈ ದಾರಿಗೆ ಒಂದು ಮಿತಿ ಇದೆ. ನಾಲ್ಕೈದು ಜನ ಸೇರಿ ಈಗಷ್ಟೇ ಶುರು ಮಾಡಿದ ಕಂಪನಿಯ ಡೊಮೇನ್ ಹೊಸದೇ ಇರುತ್ತದೆ. ಹಳೆಯ ಪ್ರತಿಗಳು ಇರುವುದಿಲ್ಲ, ಸ್ವಾಗತ ಮೇಜೂ ಇರುವುದಿಲ್ಲ. ಅಲ್ಲಿ ದಿನಾಂಕ ನೋಡಿ ಮೋಸ ಅನ್ನುವುದು ತಪ್ಪಾಗುತ್ತದೆ. ಆಗ ನೋಂದಣಿ ದಾಖಲೆಯಲ್ಲಿರುವ ನಿರ್ದೇಶಕರ ಹೆಸರಿನಿಂದ ಶುರು ಮಾಡಿ. ಅವರು ಹಿಂದೆ ಎಲ್ಲಿದ್ದರು, ಅವರ ಹಳೆಯ ಸಹೋದ್ಯೋಗಿಗಳು ಯಾರು ಅಂತ ನೋಡಿ. ಮುಖ ಕಾಣುವ ವಿಡಿಯೋ ಮಾತುಕತೆ ಕೇಳಿ. ನಿಮ್ಮ ಹುದ್ದೆಯ ಕೆಲಸದ ಬಗ್ಗೆ ವಿವರವಾಗಿ ಪ್ರಶ್ನೆ ಹಾಕಿ. ನಿಜವಾಗಿ ಆ ಕೆಲಸ ಮಾಡಿಸಬೇಕಾದವರು ಹತ್ತು ನಿಮಿಷ ಬಿಡದೆ ಮಾತಾಡುತ್ತಾರೆ. ಪತ್ರದಲ್ಲಿರುವ ಸಾಲುಗಳನ್ನೇ ತಿರುಗಿಸಿ ಹೇಳುವವರ ಬಗ್ಗೆ ಎಚ್ಚರ ಬೇಕು.

## ದಾಖಲೆ ಕಳಿಸಿಬಿಟ್ಟಿದ್ದರೆ, ಮತ್ತು ದೂರು

ಸುಮಾ ಏನನ್ನೂ ಕಳಿಸಿರಲಿಲ್ಲ. ನೀವು ಕಳಿಸಿದ ಮೇಲೆ ಗೊತ್ತಾದರೆ, ಹಣ ಕಟ್ಟಿದ್ದರೆ ಮೊದಲ ಕರೆ ಬ್ಯಾಂಕಿಗೆ, ಅದೂ ತಕ್ಷಣ. ವರ್ಗಾವಣೆಯನ್ನು ತಡೆಯುವ ಅವಕಾಶ ಪ್ರತಿ ಗಂಟೆಗೂ ಕಡಿಮೆಯಾಗುತ್ತಾ ಹೋಗುತ್ತದೆ. ಗುರುತಿನ ಚೀಟಿ ಕಳಿಸಿದ್ದರೆ ನಿಮ್ಮ ಹೆಸರಿನಲ್ಲಿ ಸಾಲ ತೆಗೆದಿದ್ದಾರೆಯೇ ಅಂತ ಕ್ರೆಡಿಟ್ ವರದಿಯನ್ನು ಮುಂದಿನ ತಿಂಗಳುಗಳಲ್ಲಿ ಆಗಾಗ ನೋಡುತ್ತಿರಿ. ಪಾಸ್‌ವರ್ಡ್ ಕೊಟ್ಟಿದ್ದರೆ, ಅದೇ ಪಾಸ್‌ವರ್ಡ್ ಇರುವ ಎಲ್ಲ ಕಡೆ ಬದಲಿಸಿ.

ದೂರನ್ನು ಪೊಲೀಸರ ಸೈಬರ್ ಅಪರಾಧ ವಿಭಾಗಕ್ಕೂ ನೀವು ಆ ಹುದ್ದೆ ನೋಡಿದ ಉದ್ಯೋಗ ತಾಣಕ್ಕೂ ಕೊಡಬೇಕು. ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಕಡೆ ಇದೆ. ಹಂತ 4ರಲ್ಲಿ ಕಂಡ `Registrar Abuse Contact Email` ಅನ್ನುವ ಸಾಲು ನೆನಪಿದೆಯಾ? ಅದು ಆ ಡೊಮೇನ್ ಮಾರಿದ ಸಂಸ್ಥೆಯ ದೂರಿನ ವಿಳಾಸ. ಅಲ್ಲಿಗೆ ಬರೆಯುವಾಗ ನಕಲಿ ಡೊಮೇನ್ ಹೆಸರು, ಮೇಲ್ ಬಂದ ದಿನ ಮತ್ತು ಸಮಯ, ಹೆಡರ್ ಅಂದರೆ ಹಂತ 3ರಲ್ಲಿ ಕಂಡಂಥ ಸಾಲುಗಳ ಸಹಿತ ಮೂಲ ಮೇಲ್, ಆಫರ್ ಲೆಟರ್‌ನ ಪ್ರತಿ, ಇದು ನಮ್ಮದಲ್ಲ ಅಂತ ಕಂಪನಿ ಬರೆದ ಉತ್ತರ, ಇಷ್ಟನ್ನು ಲಗತ್ತಿಸಿ. ಸ್ಕ್ರೀನ್‌ಶಾಟ್ ಒಂದೇ ಸಾಲದು, ಅದರಲ್ಲಿ ಹೆಡರ್ ಇರುವುದಿಲ್ಲ. ಸುಮಾ ಎಲ್ಲವನ್ನೂ ಸೇರಿಸಿ ಅಲ್ಲಿಗೆ ಒಂದು ಪ್ರತಿ, ಕಂಪನಿಗೆ ಒಂದು ಪ್ರತಿ ಕಳಿಸಿದಳು. ಆ ಡೊಮೇನ್ ಕೆಲಸ ನಿಲ್ಲಿಸಿದರೆ ಅದರ ಹೆಸರಿನಲ್ಲಿ ಮುಂದಿನ ಪತ್ರ ಯಾರಿಗೂ ಹೋಗದು.